ಅಪ್ಪ ಅವ್ವನಿಗೆ, ಧಾರವಾಡದ ಸಪ್ತಾಪುರದ ರೂಮಿನಿಂದ

ಅಪ್ಪಾ, ಅವ್ವಾ,

ನಮಸ್ಕಾರ. ಫೋನಿನಲ್ಲಿ ಈ ಮಾತು ಎತ್ತಿದಾಗೆಲ್ಲ ಜಗಳವಾಗುತ್ತದೆ. ಅವ್ವಾ, ಅಪ್ಪ ಫೋನನ್ನು ನಿನ್ನ ಕೈಗೆ ಕೊಡುತ್ತಾರೆ, ನೀನು ಅಳುತ್ತೀ, ನಾನು ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪಾ, ನೀವೇ ಓದಿ ಅವ್ವನಿಗೆ ಹೇಳಿ. ನಡುವೆ ಎಲ್ಲೂ ಬಿಡಬೇಡಿ, ನಿಮಗೆ ಹಿಡಿಸದ ಸಾಲುಗಳನ್ನೂ.

ಮೊದಲು ವಿಷಯ ಹೇಳಿಬಿಡುತ್ತೇನೆ. ಮುಂದಿನ ಎಫ್‌ಡಿಎ, ಎಸ್‌ಡಿಎ, ತೋಟಗಾರಿಕೆ ಇಲಾಖೆಯ ಪರೀಕ್ಷೆ ಯಾವುದಕ್ಕೂ ನಾನು ಅರ್ಜಿ ಹಾಕುವುದಿಲ್ಲ. ಊರಿಗೆ ಬಂದು ತರಕಾರಿ ಅಗಿಗಳ ನರ್ಸರಿ ಮಾಡುತ್ತೇನೆ. "ಅದನ್ನೂ ಮಾಡು, ಇದನ್ನೂ ಬರಿ" ಅಂತ ನೀವು ಹೇಳುತ್ತೀರಿ, ಗೊತ್ತು. ಬರೆಯುತ್ತೇನೆ ಅಂತ ಬಾಯಿಮಾತಿಗೆ ಒಪ್ಪಿಕೊಳ್ಳಬಹುದಿತ್ತು. ಆದರೆ ಮೇ, ಜೂನ್‌ನಲ್ಲಿ ದಿನಕ್ಕೆ ಎರಡು ಸಲ ನೀರು, ರೋಗ ನೋಡಬೇಕಾದ ಹೊತ್ತಿಗೆ ನಾನು ಇಲ್ಲಿ ಕುಳಿತು ಪ್ರಚಲಿತ ವಿದ್ಯಮಾನ ಓದಿದರೆ ಅಗಿಯೂ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ.

ಅಪ್ಪಾ, ನಿಮಗೆ ಸರ್ಕಾರಿ ನೌಕರಿಯ ಮೇಲೆ ಇಷ್ಟು ಜೀವ ಯಾಕೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ಜೀವಮಾನವಿಡೀ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹರಿದಿರಿ. ಊರವರೆಲ್ಲ "ಗೌರ್ಮೆಂಟ್ ನೌಕರಿ" ಅಂದರು. ರಿಟೈರ್ ಆದ ಮೇಲೆ ಬಂದದ್ದು ಇಪಿಎಸ್ ಪಿಂಚಣಿ, ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಅದೇ ಓಣಿಯಲ್ಲಿ ಹೈಸ್ಕೂಲ್ ಮಾಸ್ತರರಿಗೆ ಬರುವ ಪಿಂಚಣಿ ನಿಮ್ಮ ಕೊನೆಯ ಸಂಬಳಕ್ಕಿಂತ ಜಾಸ್ತಿ. ನಿಗಮ ಬೇರೆ, ಸರ್ಕಾರ ಬೇರೆ ಅನ್ನುವುದು ನಿಮಗೆ ಅರವತ್ತು ತುಂಬಿದ ಮೇಲೆ ಕಂಡ ಸತ್ಯ. ಮಗಳಿಗೆ ಹಾಗೆ ಆಗಬಾರದು ಅನ್ನುವುದು ನ್ಯಾಯವೇ. ಆದರೆ ಆ ಮಾಸ್ತರರ ಪಿಂಚಣಿ ಈಗ ನನಗೂ ಇಲ್ಲ. 2006ರ ಏಪ್ರಿಲ್ ಒಂದರ ನಂತರ ರಾಜ್ಯ ಸರ್ಕಾರಕ್ಕೆ ಸೇರಿದವರಿಗೆ ಎನ್‌ಪಿಎಸ್. ಅವರ ಸಂಬಳದಿಂದ ಹಿಡಿದದ್ದು, ಸರ್ಕಾರ ಹಾಕಿದ್ದು, ಎರಡೂ ಮಾರುಕಟ್ಟೆಗೆ ಹೋಗುತ್ತವೆ. ಹಳೇ ಪಿಂಚಣಿ ಬೇಕು ಅಂತ ನೌಕರರೇ ಎಷ್ಟು ಸಲ ಬೀದಿಗೆ ಬಂದರು, ನೀವೇ ಟಿವಿಯಲ್ಲಿ ನೋಡಿದ್ದೀರಿ.

ಇನ್ನು ಆ ನೌಕರಿ ಸಿಗುವ ದಾರಿ. ನಾನು ಮೈಗಳ್ಳತನದಿಂದ ಬಿಡುತ್ತಿದ್ದೇನೆ ಅಂತ ಬಸಣ್ಣ ಕಾಕಾ ಹೇಳಿದರಂತೆ. ಅವರಿಗೆ ಇಷ್ಟು ಹೇಳಿ: 2021ರ ಜನವರಿಯಲ್ಲಿ ಎಫ್‌ಡಿಎ ಪ್ರಶ್ನೆಪತ್ರಿಕೆ ಪರೀಕ್ಷೆಯ ಹಿಂದಿನ ದಿನವೇ ಹೊರಗೆ ಬಂತು, ಪರೀಕ್ಷೆ ಮುಂದಕ್ಕೆ ಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮತ್ತೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟ್‌ನ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡದ ಪ್ರಶ್ನೆಗಳೇ ಅರ್ಥವಾಗದಂತಿದ್ದವು, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಇಟ್ಟರು. ನನ್ನ ಪಕ್ಕದ ರೂಮಿನ ಅಕ್ಕನಿಗೆ ಈಗ ಮೂವತ್ತಮೂರು. ಪ್ರತಿ ಅಧಿಸೂಚನೆಯಲ್ಲೂ ಮೊದಲು ವಯೋಮಿತಿ ನೋಡುತ್ತಾಳೆ, ಆಮೇಲೆ ಹುದ್ದೆ. ಅವಳಿಗಿಂತ ಜಾಣೆ ಈ ಬಿಲ್ಡಿಂಗಿನಲ್ಲಿ ಇಲ್ಲ. ಓದಿದವರಿಗೆಲ್ಲ ಸಿಗದು ಅಂತ ನಾನು ಹೇಳುತ್ತಿಲ್ಲ, ಸಿಕ್ಕವರೂ ಇದ್ದಾರೆ, ನಮ್ಮ ರೂಮಿನವಳೇ ಒಬ್ಬಳು ಪಿಡಿಒ ಆದಳು. ನೀವು ಭದ್ರ ಅನ್ನುತ್ತಿರುವುದು ನೌಕರಿ ಸಿಕ್ಕ ಮೇಲಿನ ಮಾತು. ಸಿಗುವವರೆಗಿನ ವರ್ಷಗಳಿಗೆ ಯಾರೂ ಜವಾಬ್ದಾರರಲ್ಲ.

ಈಗ ನರ್ಸರಿ. ಬಾಗಲಕೋಟೆಯಲ್ಲಿ ನಾಲ್ಕು ವರ್ಷ ತೋಟಗಾರಿಕೆ ಓದಿಸಿದ್ದು ನೀವೇ. ಇಲ್ಲಿ ಖರ್ಚಿಗೆಂದು ಊರಾಚೆಯ ನರ್ಸರಿಗೆ ಮುಂಜಾನೆ ಹೋಗಲು ಶುರುಮಾಡಿದೆ, ನಿಮಗೂ ಗೊತ್ತು. ಅಲ್ಲಿ ಕಲಿತದ್ದು ಪುಸ್ತಕದಲ್ಲಿ ಇರಲಿಲ್ಲ. 98 ಗುಣಿಯ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಣಿಗೊಂದು ಬೀಜ ಇಟ್ಟು, ಮುಚ್ಚಿ ಒಂದರ ಮೇಲೊಂದು ಪೇರಿಸಿಡುತ್ತೇವೆ. ಮೊಳಕೆ ಕಾಣುವ ದಿನವೇ ಬಿಡಿಸಿ ನೆರಳುಪರದೆಯ ಕೆಳಗೆ ಹರಡಬೇಕು. ಒಂದು ದಿನ ತಡವಾದರೆ ಅಗಿ ಬೆಳಕು ಹುಡುಕಿ ಉದ್ದವಾಗಿ ಸೊರಗುತ್ತದೆ, ಹೊಲಕ್ಕೆ ಹಚ್ಚಿದರೆ ನಿಲ್ಲುವುದಿಲ್ಲ. ಟ್ರೇ ಎತ್ತಿ ನೋಡಿದರೆ ತೂಕದಲ್ಲೇ ನೀರು ಬೇಕೋ ಬೇಡವೋ ತಿಳಿಯುತ್ತದೆ. ಬುಡ ಕೊಳೆಯುವ ರೋಗ ಬಂದ ಟ್ರೇಯನ್ನು ಮಾಲಕರಿಗಿಂತ ಮೊದಲು ನಾನೇ ಗುರುತಿಸುತ್ತೇನೆ, ಅದಕ್ಕೇ ಈಗ ಮೆಣಸಿನಕಾಯಿಯ ಪೂರ್ತಿ ಲೈನ್ ನನ್ನ ಕೈಗೆ ಬಿಟ್ಟಿದ್ದಾರೆ.

ನಮ್ಮ ಕಡೆ ಮೆಣಸಿನಕಾಯಿ, ಟೊಮೆಟೊ ಹಚ್ಚುವವರೆಲ್ಲ ಈಗ ದುಬಾರಿ ಹೈಬ್ರಿಡ್ ಬೀಜ ತರುತ್ತಾರೆ. ಮಡಿಯಲ್ಲಿ ಚೆಲ್ಲಿ ಅರ್ಧ ಕಳೆದುಕೊಳ್ಳುವ ಕಾಲ ಹೋಯಿತು. ಹೋದ ವರ್ಷ ಬಸಣ್ಣ ಕಾಕಾನೇ ಬೀಜ ಹೊತ್ತುಕೊಂಡು ಎಷ್ಟು ದೂರದ ನರ್ಸರಿಗೆ ಹೋಗಿದ್ದರು, ಟೆಂಪೊ ಬಾಡಿಗೆ ಎಷ್ಟು ಕೊಟ್ಟರು, ಕೇಳಿ ನೋಡಿ.

ರೊಕ್ಕದ ಲೆಕ್ಕ. ಐದು ಗುಂಟೆ ನೆರಳುಪರದೆ, ಎರಡು ಸಾವಿರ ಟ್ರೇ. ಎಲ್ಲ ಸೇರಿ ಮೂರೂವರೆ ಲಕ್ಷ ಅಂದಾಜು. ನನ್ನ ಉಳಿತಾಯ ಒಂದು ಲಕ್ಷ ನಲವತ್ತು ಸಾವಿರ ಇದೆ, ಉಳಿದದ್ದಕ್ಕೆ ಮುದ್ರಾ ಸಾಲ ಕೇಳುತ್ತೇನೆ. ಅದಕ್ಕೆ ಹೊಲ ಒತ್ತೆ ಇಡಬೇಕಿಲ್ಲ. ಇಲಾಖೆಯ ಸಹಾಯಧನ ಬಂದರೆ ಬಂತು, ಲೆಕ್ಕದಲ್ಲಿ ಹಿಡಿದಿಲ್ಲ. ರೈತರೇ ಬೀಜ ತಂದುಕೊಟ್ಟರೆ ಅಗಿಗೆ ಅರವತ್ತು ಪೈಸೆ ಕೂಲಿ, ಖರ್ಚು ಕಳೆದು ಇಪ್ಪತ್ತು ಪೈಸೆ ಉಳಿದರೂ, ಕೆಟ್ಟ ಅಗಿ ಬಿಟ್ಟು ಒಂದು ಸಲಕ್ಕೆ ಮೂವತ್ತೈದು ಸಾವಿರ. ವರ್ಷಕ್ಕೆ ಐದು ಸಲಕ್ಕಿಂತ ಹೆಚ್ಚು ಎಳೆಯಲಾಗದು. ಎಫ್‌ಡಿಎ ಸಂಬಳದ ಅರ್ಧವೂ ಆಗುವುದಿಲ್ಲ, ಮೊದಲೆರಡು ವರ್ಷ ಅದೂ ಇಲ್ಲದಿರಬಹುದು. 2021ರಲ್ಲಿ ಕರಿ ಥ್ರಿಪ್ಸ್ ಬಂದು ಮೆಣಸಿನಕಾಯಿ ಹಾಳಾದಂಥ ವರ್ಷ ಮತ್ತೆ ಬಂದರೆ ಅಗಿ ಕೇಳುವವರೇ ಇರುವುದಿಲ್ಲ. ಅದಕ್ಕೆ ಬದನೆ, ಕೋಸು, ಚೆಂಡುಹೂವನ್ನೂ ಇಡುತ್ತೇನೆ. ನಿಜವಾದ ಹೆದರಿಕೆ ರೋಗದ್ದಲ್ಲ, ಉದ್ರಿಯದ್ದು. ಊರಾಗಿನ ಮಂದಿಗೆ ಇಲ್ಲ ಅನ್ನಲು ಬರುವುದಿಲ್ಲ. ಅಪ್ಪಾ, ಆ ಕೆಲಸ ನಿಮ್ಮದು. ಚಿಲ್ಲರೆ ಇಲ್ಲ ಅಂದವರನ್ನೂ ಬಿಡದ ಕಂಡಕ್ಟರ್ ನೀವು.

ಅವ್ವಾ, ನಿನಗೆ ಮದುವೆಯ ಚಿಂತೆ. ನೌಕರಿ ಇದ್ದರೆ ಚಲೋ ಮನೆ ಬರುತ್ತದೆ ಅನ್ನುತ್ತೀ. ನೌಕರಿ ನೋಡಿ ಬರುವವರು ಮದುವೆಯಾದ ಮೇಲೆ ವರ್ಗಾವಣೆ ಹಿಡಿದು ಗೊಣಗುವುದನ್ನು ಚಿಕ್ಕಮ್ಮನ ಮನೆಯಲ್ಲಿ ನೀನೇ ಕಂಡಿದ್ದೀ. ಎರಡು ವರ್ಷ ನನಗೆ ಸಂಬಂಧ ತರಬೇಡ, ಆಮೇಲೆ ನಿನ್ನ ಮಾತು ಕೇಳುತ್ತೇನೆ. ಯಾರಾದರೂ "ಮಗಳು ಏನ್ ಮಾಡ್ತಾಳ್ರೀ" ಅಂದರೆ ಓದುತ್ತಿದ್ದಾಳೆ ಅಂತ ಹೇಳಬೇಡ. ನರ್ಸರಿ ಹಾಕ್ಯಾಳ ಅಂತಲೇ ಹೇಳು.

ನಾನು ಕೇಳುವುದು ಬೋರ್‌ವೆಲ್ ಪಕ್ಕದ ಐದು ಗುಂಟೆ, ಮೂರು ವರ್ಷಕ್ಕೆ. ಸಾಲದ ಕಂತು ನನ್ನದು. ಮೂರನೇ ವರ್ಷದ ಕೊನೆಗೆ ಲೆಕ್ಕದ ವಹಿ ನಿಮ್ಮ ಮುಂದೆ ಇಡುತ್ತೇನೆ, ಸಾಲ ತೀರಿಲ್ಲದಿದ್ದರೆ ಪರದೆ ಬಿಚ್ಚಿ ಮಾರಿ ಎಲ್ಲಾದರೂ ಬೀಜದ ಕಂಪನಿಗೆ ಸೇರುತ್ತೇನೆ. ಆಗಲೂ ಪರೀಕ್ಷೆಗೆ ಕೂರು ಅನ್ನಬೇಡಿ.

ಬರುವ ರವಿವಾರ ಬರುತ್ತೇನೆ. ಅಷ್ಟರಲ್ಲಿ ಒಂದು ಕೆಲಸ, ಅಪ್ಪಾ. ಬೋರಿನ ಮೋಟಾರ್ ಅರ್ಧ ತಾಸು ಓಡಿದ ಮೇಲೆ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ತೊಳೆದು, ಬಾಯಿಮಟ ತುಂಬಿ ಮುಚ್ಚಿಡಿ. ಧಾರವಾಡದಲ್ಲಿ ಪರೀಕ್ಷೆಗೆ ಕೊಡಬೇಕು. ಉಪ್ಪಿನ ಅಂಶ ಹೆಚ್ಚಿದ್ದರೆ ಅಗಿಯ ಎಲೆ ಸುಡುತ್ತದೆ, ಆಗ ಜಾಗವನ್ನೇ ಬದಲಿಸಬೇಕಾಗುತ್ತದೆ. ಬೇಡ ಅನ್ನುವುದಿದ್ದರೂ ಬಾಟಲಿ ತುಂಬಿಟ್ಟೇ ಬೇಡ ಅನ್ನಿ.

ನಿಮ್ಮ,
ಸವಿತಾ