ಸುರಗಿಗೋಡು ಕಥಾಸರಣಿ: ಲೇಖಕರ ಆಕರ ಕೈಪಿಡಿ

ಈ ಕೈಪಿಡಿಯು ಸುರಗಿಗೋಡು ಸರಣಿಗೆ ಕಥೆ ಬರೆಯುವ ಎಲ್ಲ ಲೇಖಕರಿಗಾಗಿ ಸಿದ್ಧವಾಗಿದೆ. ಹೊಸದಾಗಿ ಸೇರುವವರು ಮೊದಲು ಇದನ್ನು ಪೂರ್ತಿಯಾಗಿ ಓದಿ, ಅನಂತರ ಪ್ರಕಟವಾಗಿರುವ ಕಥೆಗಳನ್ನು ಕಾಲಾನುಕ್ರಮದಲ್ಲಿ ಓದಬೇಕು. ಒಂದೇ ಊರನ್ನು ಹಲವರು ಬರೆಯುವಾಗ ಬರೆಯುವವರ ಶೈಲಿಗಳು ಬೇರೆಯಾಗುವುದು ಸಹಜವೂ ಹೌದು, ನಮಗೆ ಬೇಕಾದದ್ದೂ ಹೌದು. ಆದರೆ ಒಬ್ಬರ ಕಥೆಯಲ್ಲಿ ತೀರಿಕೊಂಡವರು ಇನ್ನೊಬ್ಬರ ಕಥೆಯಲ್ಲಿ ಮದುವೆಯ ಊಟಕ್ಕೆ ಕುಳಿತರೆ ಓದುಗರು ಊರನ್ನೇ ನಂಬುವುದಿಲ್ಲ.

ಊರು ಮತ್ತು ನೀರು

ಸುರಗಿಗೋಡು ಕಲ್ಪಿತ ಊರು. ಅದರ ಸುತ್ತಲಿನ ಲೋಕ ಕಲ್ಪಿತವಲ್ಲ. ಸಾಗರ ತಾಲ್ಲೂಕು, ಶರಾವತಿ ನದಿ, ತಾಳಗುಪ್ಪ, ಜೋಗ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇವೆಲ್ಲವೂ ಇದ್ದ ಹಾಗೆಯೇ ಬರಬೇಕು. ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ. ಈ ಸಂಖ್ಯೆಯ ಮೇಲೆಯೇ ನಮ್ಮ ಊರಿನ ನಕ್ಷೆ ನಿಂತಿದೆ.

ಮುಳುಗಡೆಗೆ ಮೊದಲು ಸುರಗಿಗೋಡಿನಲ್ಲಿ ಎರಡು ಕೇರಿಗಳಿದ್ದವು. ಕೆಳಗಿನಕೇರಿಯ ಮನೆಗಳ ಜಗಲಿಗಳು 1768 ಅಡಿಯ ಆಸುಪಾಸಿನಲ್ಲಿವೆ, ಹೊಳೆಯ ಪಕ್ಕದ ಚೌಡಿಬನ 1746 ಅಡಿಯಲ್ಲಿದೆ. ಮೇಲಿನಕೇರಿ 1830 ಅಡಿಯಲ್ಲಿರುವುದರಿಂದ ಅದು ಮುಳುಗಲಿಲ್ಲ. ಹಿನ್ನೀರಿನ ದಂಡೆಯಲ್ಲಿ ಮೂರು ಕಡೆ ನೀರಿನಿಂದ ಸುತ್ತುವರಿದು ಉಳಿಯಿತು. ಮೂರನೆಯದು, ಕೆಳಗಿನಕೇರಿಯ ಬಹುಪಾಲು ಕುಟುಂಬಗಳು ಸರ್ಕಾರ ತೋರಿಸಿದ ಕಾಡಿನ ಜಾಗದಲ್ಲಿ ಕಟ್ಟಿಕೊಂಡ ಹೊಸ ಸುರಗಿಗೋಡು, ಶಿವಮೊಗ್ಗ ತಾಲ್ಲೂಕಿನಲ್ಲಿದೆ. ಊರು ಬಿಟ್ಟದ್ದು 1963ರ ಬೇಸಿಗೆಯಲ್ಲಿ. ಹೊಸ ಸುರಗಿಗೋಡಿನವರ ಜಮೀನಿಗೆ ಹಕ್ಕುಪತ್ರ ಸಿಗದೆ ದಶಕಗಳು ಕಳೆದಿವೆ. ಶರಾವತಿ ಸಂತ್ರಸ್ತರ ನಿಜವಾದ ಪಾಡೂ ಇದೇ ಆಗಿರುವುದರಿಂದ, ಕಥೆಯ ಅನುಕೂಲಕ್ಕಾಗಿ ಯಾರೂ ಅವರಿಗೆ ಹಕ್ಕುಪತ್ರ ಕೊಡಿಸಬಾರದು.

ನೀರಿನ ಮಟ್ಟದ ವಿಷಯದಲ್ಲಿ ಸಡಿಲಿಕೆ ಇಲ್ಲ. ಕೆಳಗಿನಕೇರಿಯ ಜಗಲಿ ಕಾಣಬೇಕಾದರೆ ನೀರು 1768 ಅಡಿಗಿಂತ ಕೆಳಗಿರಬೇಕು. ಚೌಡಿಬನದ ಕಲ್ಲು ಕಾಣಬೇಕಾದರೆ ಬರಗಾಲದ ವರ್ಷದ ಮೇ ಅಥವಾ ಜೂನ್ ಮೊದಲ ವಾರವೇ ಆಗಬೇಕು. ನಿರ್ದಿಷ್ಟ ವರ್ಷದಲ್ಲಿ ಕಥೆ ಇಟ್ಟವರು ಆ ದಿನಗಳ ಪತ್ರಿಕೆಯಲ್ಲಿ ಅಚ್ಚಾದ ಜಲಾಶಯದ ಮಟ್ಟವನ್ನು ನೋಡಿಯೇ ಬರೆಯಬೇಕು. ನೀರು ತೀರಾ ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನೊಳಗಿಂದ ಮೇಲೆದ್ದು ಕಾಣುತ್ತದೆ ಎಂಬುದು ನಿಜ, ಹಾಗಾಗಿ ಅದನ್ನು ಬಳಸಬಹುದು. ಆದರೆ ಅಕ್ಟೋಬರಿನಲ್ಲಿ, ತುಂಬಿದ ಹಿನ್ನೀರಿನ ಮಧ್ಯೆ, ಯಾರೂ ಹಳೆಯ ಮನೆಯ ಹೊಸಿಲಿನ ಮೇಲೆ ನಿಲ್ಲುವಂತಿಲ್ಲ.

ಮುಖ್ಯ ಪಾತ್ರಗಳು

ಗುತ್ಯಮ್ಮ, ಜನನ 1936, ದೀವರ ಮನೆತನ. 1953ರಲ್ಲಿ ಮದುವೆಯಾಗಿ ಕೆಳಗಿನಕೇರಿಗೆ ಬಂದವಳು. ಓದು ಬರಹ ತಿಳಿಯದು, ಲೆಕ್ಕ ತಪ್ಪುವುದಿಲ್ಲ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದರಲ್ಲಿ ಊರಿಗೇ ಹೆಸರಾದವಳು. ಕೆಮ್ಮಣ್ಣು ಬಳಿದ ಬುಟ್ಟಿ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಇಷ್ಟೇ ಅವಳ ಸಾಮಗ್ರಿ. ಅಂಗಡಿಯ ಬಣ್ಣವನ್ನು ಅವಳು ಎಂದೂ ಮುಟ್ಟುವುದಿಲ್ಲ. ಸೊಸೆ ಮುಟ್ಟುತ್ತಾಳೆ, ಅದರ ಮೇಲೆ ಜಗಳವೂ ಆಗುತ್ತದೆ. ಅವಳು ಅಳುವ ದೃಶ್ಯ ಈವರೆಗಿನ ಕಥೆಗಳಲ್ಲಿ ಒಂದೇ ಒಂದು ಬಂದಿದೆ, ಅದು ಗಂಡ ಸತ್ತಾಗಲಲ್ಲ, ಎತ್ತು ಮಾರಿದಾಗ. ಇನ್ನೊಂದು ಬರೆಯಲು ಹೊರಡುವವರು ಅದಕ್ಕೆ ತಕ್ಕ ಕಾರಣವನ್ನು ಹುಡುಕಿಕೊಂಡಿರಬೇಕು.

ಹುಚ್ಚಪ್ಪ, ಗುತ್ಯಮ್ಮನ ಗಂಡ, 1930–1971. ಇಪ್ಪತ್ತೊಂದರ ಹರೆಯದಲ್ಲಿ, 1951ರ ಕಾಗೋಡು ಸತ್ಯಾಗ್ರಹದ ಸಮಯದಲ್ಲಿ, ಕಾಗೋಡಿಗೆ ನಡೆದುಕೊಂಡು ಹೋಗಿ ನೋಡಿ ಬಂದವನು. ಮಂಗನ ಕಾಯಿಲೆಯಿಂದ 1971ರ ಫೆಬ್ರುವರಿಯಲ್ಲಿ ಸಾಯುತ್ತಾನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣುಗಿನಿಂದ ಹರಡುವಂಥದ್ದು, ಬೇಸಿಗೆಯೊಣಗಿನ ತಿಂಗಳುಗಳಲ್ಲಿ ಹೆಚ್ಚು. ಆದ್ದರಿಂದ ಮಳೆಗಾಲದ ಕಥೆಯಲ್ಲಿ ಈ ಕಾಯಿಲೆಗೆ ಯಾರನ್ನೂ ಬಲಿ ಕೊಡಬಾರದು.

ವೆಂಕಟಗಿರಿಯಪ್ಪ ಹೆಗಡೆ, 1912–1981, ಹವ್ಯಕ ಮನೆತನದ ಜಮೀನುದಾರ. ಕೆಳಗಿನಕೇರಿಯ ಗದ್ದೆ, ತೋಟ ಮುಳುಗಿ, ಮೇಲಿನಕೇರಿಯ ಹದಿನಾಲ್ಕು ಎಕರೆ ಮಾತ್ರ ಉಳಿದವರು. ಅವರನ್ನು ಖಳನಾಯಕನನ್ನಾಗಿ ಬರೆಯಲು ಎಲ್ಲ ಹೊಸ ಲೇಖಕರಿಗೂ ಕೈ ತುರಿಸುತ್ತದೆ. ಅವರು ಗೇಣಿಯನ್ನು ಕಟ್ಟುನಿಟ್ಟಾಗಿ ಅಳೆಸಿಕೊಂಡವರು ಎಂಬುದು ನಿಜ. ಮುಳುಗಡೆಯ ವರ್ಷ ಕಣಜ ತೆರೆದು ಹನ್ನೊಂದು ಮನೆಗಳಿಗೆ ಬೀಜದ ಭತ್ತ ಕೊಟ್ಟವರೂ ಅವರೇ. ಈ ಎರಡೂ ಸಂಗತಿಗಳು ಪ್ರಕಟವಾಗಿವೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಬರೆದ ಕಥೆಯನ್ನು ನಾವು ಹಿಂದಿರುಗಿಸುತ್ತೇವೆ.

ಸಾವಿತ್ರಿ, ಅವರ ಮಗಳು, ಜನನ 1947. ಸಾಗರದಲ್ಲಿ ಓದಿ ಪ್ರೌಢಶಾಲೆಯ ಶಿಕ್ಷಕಿಯಾದವಳು, ಮದುವೆಯಾಗಲಿಲ್ಲ. ಏಕೆ ಎಂಬ ಪ್ರಶ್ನೆಗೆ ಸರಣಿಯಲ್ಲಿ ಉತ್ತರವಿಲ್ಲ, ಕೊಡುವುದೂ ಬೇಡ.

ಚೌಡಪ್ಪ, ಗುತ್ಯಮ್ಮನ ಮಗ, ಜನನ 1959. ಊರು ಬಿಟ್ಟಾಗ ನಾಲ್ಕು ವರ್ಷ. ಹಿನ್ನೀರಿನಲ್ಲಿ ಲಾಂಚ್ ನಡೆಸುವ ಕೆಲಸಕ್ಕೆ ಸೇರಿ ಅದರಲ್ಲೇ ನಿವೃತ್ತನಾದವನು. ಕೆಳಗಿನಕೇರಿ ತನಗೆ ನೆನಪಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಅವನ ನೆನಪುಗಳಲ್ಲಿ ಕೆಲವು ತಾಯಿಯ ಬಾಯಿಂದ ಕೇಳಿದವು. ಅವನು ಮೊದಲ ಪುರುಷದಲ್ಲಿ ನಿರೂಪಿಸುವ ಕಥೆಯ ವಿವರಗಳನ್ನು ಆಕರವಾಗಿ ಎತ್ತಿಕೊಳ್ಳುವ ಮುನ್ನ ಇದನ್ನು ಮರೆಯಬಾರದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ನಡೆಯುವ ಕಥೆಗಳಲ್ಲಿ ಅಲ್ಲಿ ದಾಟಲು ಲಾಂಚೊಂದೇ ಗತಿ ಎಂಬಂತೆ ಬರೆಯುವಂತಿಲ್ಲ.

ಶ್ಯಾನುಭೋಗ ಸುಬ್ಬರಾಯರು, 1908–1969. ಮುಳುಗುವ ಮನೆ, ಮರ, ಬಾವಿಗಳ ಪಟ್ಟಿ ಬರೆದವರು. ಗ್ರಾಮ ಹುದ್ದೆಗಳ ರದ್ದಿಯಾತಿ ಜಾರಿಗೆ ಬಂದದ್ದು 1963ರಲ್ಲಿ. ಊರೂ ಹುದ್ದೆಯೂ ಒಂದೇ ವರ್ಷ ಹೋದ ಮನುಷ್ಯ ಅವರು. ಈ ಪಾತ್ರದಲ್ಲಿ ಇನ್ನೂ ಬರೆಯದಿರುವುದು ಬಹಳವಿದೆ, ಯಾರಾದರೂ ಕೈಗೆತ್ತಿಕೊಂಡರೆ ಸಂತೋಷ.

ಕೊಳಗ

ಇಡೀ ಸರಣಿಯನ್ನು ಹಿಡಿದಿಟ್ಟಿರುವ ವಸ್ತು ಹೆಗಡೆಯವರ ಮನೆಯ ಕೊಳಗ. ಹಿತ್ತಾಳೆ ಪಟ್ಟಿ ಬಿಗಿದ ಮರದ ಕೊಳಗ, ಬಾಯಿಯ ಒಂದು ಕಡೆ ಇಲಿ ಕಡಿದ ಗುರುತು. ಕಾಗೋಡಿನ ಹೋರಾಟದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ತಗಾದೆಯಾಗಿತ್ತು ಎಂಬ ಚರಿತ್ರೆಯ ನೆನಪು ಇದರ ಹಿಂದಿದೆ. ಈ ಕೊಳಗ ಎಷ್ಟು ಸೇರು ಹಿಡಿಯುತ್ತದೆ ಎಂಬ ಬಗ್ಗೆ ಗುತ್ಯಮ್ಮನ ಮನೆಯವರದ್ದು ಒಂದು ಮಾತು, ಹೆಗಡೆಯವರ ಮನೆಯವರದ್ದು ಇನ್ನೊಂದು. 1963ರಲ್ಲಿ ಗಾಡಿಗೆ ಹೇರುವಾಗ ಅದು ಕಾಣೆಯಾಯಿತು. ಕದ್ದದ್ದೋ, ಮರೆತದ್ದೋ, ಬಿಟ್ಟು ಬಂದದ್ದೋ ಎಂಬುದು ತೆರೆದ ಪ್ರಶ್ನೆ.

ಈ ವಿಷಯದಲ್ಲಿ ನಿಯಮ ಹೀಗಿದೆ: ಕೊಳಗವನ್ನು ಯಾವ ಪಾತ್ರ ಬೇಕಾದರೂ ಹುಡುಕಬಹುದು, ಕಂಡೆನೆಂದು ಹೇಳಬಹುದು, ಕೈಯಲ್ಲಿ ಹಿಡಿಯಲೂಬಹುದು. ಅದರಲ್ಲಿ ಭತ್ತ ಸುರಿದು ಅಳೆಯುವ ದೃಶ್ಯವನ್ನು ಮಾತ್ರ ಯಾರೂ ಬರೆಯಬಾರದು. ಅಳೆದ ದಿನ ಎರಡು ಮನೆಗಳಲ್ಲಿ ಒಂದು ಸುಳ್ಳಾಗುತ್ತದೆ, ಅಲ್ಲಿಗೆ ಸರಣಿಯ ಅರ್ಧ ಜೀವ ಹೋಗುತ್ತದೆ.

ಕರೆಯುವ ಬಗೆ, ಮಾತು, ಅಳತೆ

1976ರವರೆಗೆ ಗುತ್ಯಮ್ಮ ವೆಂಕಟಗಿರಿಯಪ್ಪನವರನ್ನು ‘ಒಡೆಯಾ’ ಎನ್ನುತ್ತಾಳೆ. 1974ರ ಭೂಸುಧಾರಣೆಯ ನಂತರ ಅವಳು ಡಿಕ್ಲರೇಷನ್ ಹಾಕುತ್ತಾಳೆ. ಭೂ ನ್ಯಾಯಮಂಡಳಿಯ ವಿಚಾರಣೆ ಮುಗಿಸಿ ಹೊರಬಂದು, ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದ ಅವರಿಗೆ “ಬಸ್ಸು ಬಂತು, ಹೆಗಡೇರೇ” ಎಂದು ಹೇಳುವುದು ಆ ಸಂಬೋಧನೆಯ ಮೊದಲ ಬಳಕೆ. ಅವರು ಎದ್ದು ಅದೇ ಬಸ್ಸು ಹತ್ತುತ್ತಾರೆ. ಆ ದಿನದ ನಂತರ ‘ಒಡೆಯಾ’ ಅವಳ ಬಾಯಲ್ಲಿ ಬರಬಾರದು, ಅದಕ್ಕೆ ಮೊದಲು ‘ಹೆಗಡೇರೇ’ ಬರಬಾರದು. ಸಾವಿತ್ರಿ ಅವಳನ್ನು ಚಿಕ್ಕಂದಿನಿಂದಲೂ ‘ಗುತ್ಯಕ್ಕ’ ಎನ್ನುತ್ತಾಳೆ, ಅದು ಎಂದೂ ಬದಲಾಗಿಲ್ಲ.

ಹವ್ಯಕರ ಮನೆಮಾತನ್ನಾಗಲಿ, ದೀವರ ಮಾತನ್ನಾಗಲಿ ಆ ಮನೆಗಳಲ್ಲಿ ಬೆಳೆದವರಿಗೆ ಓದಿಸದೆ ಕಳುಹಿಸಬಾರದು. ಬಾರದ ಮಾತನ್ನು ಕಷ್ಟಪಟ್ಟು ಅನುಕರಿಸುವುದಕ್ಕಿಂತ ಸರಳ ಕನ್ನಡದಲ್ಲಿ ಬರೆಯುವುದು ಆ ಜನರಿಗೆ ತೋರುವ ಗೌರವ.

1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಆದರೂ ‘ನಾಲ್ಕಾಣೆ’, ‘ಎಂಟಾಣೆ’ ಬಾಯಲ್ಲಿ ಬಹುಕಾಲ ಉಳಿದವು, ಹಾಗೆಯೇ ಬರೆಯಿರಿ. 1973ರ ನವೆಂಬರ್ 1ಕ್ಕೆ ಮೊದಲಿನ ಸರ್ಕಾರಿ ಕಾಗದಗಳಲ್ಲಿ ರಾಜ್ಯದ ಹೆಸರು ಮೈಸೂರು. ಅಡಿಕೆಯ ಕೆಲಸಗಳಿಗೆ ಅವುಗಳ ಕಾಲವಿದೆ: ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು, ಮಳೆ ನಿಂತ ಮೇಲೆ ಕೊನೆ ಕೊಯ್ಲು. ಮರ ಹತ್ತುವವನು ಕೊನೆಗೌಡ, ಸುಲಿಯುವುದು ಮೆಟ್ಟುಗತ್ತಿಯಲ್ಲಿ.

ಬರೆಯುವವರ ನಡುವಿನ ಕಟ್ಟಳೆ

ಪ್ರಕಟವಾದ ಕಥೆಯಲ್ಲಿರುವುದು ಮೊದಲ ಪ್ರಮಾಣ, ಅನಂತರದ್ದು ಈ ಕೈಪಿಡಿ, ಪತ್ರಗಳಲ್ಲಿ ಅಥವಾ ಸಭೆಯಲ್ಲಿ ಆಡಿದ ಮಾತು ಪ್ರಮಾಣವಲ್ಲ. ಎರಡು ಪ್ರಕಟಿತ ಕಥೆಗಳು ಹೊಂದದಿದ್ದಲ್ಲಿ, ಅದು ಪಾತ್ರಗಳ ನೆನಪಿನ ವ್ಯತ್ಯಾಸವಾಗಿ ಉಳಿಯಬಹುದೇ ಎಂದು ಮೊದಲು ನೋಡುತ್ತೇವೆ. ದಿನಾಂಕ, ನೀರಿನ ಮಟ್ಟ, ಸಾವು ಇವುಗಳಲ್ಲಿ ಆ ವಿನಾಯಿತಿ ಇಲ್ಲ, ಹಿಂದಿನದ್ದೇ ಉಳಿಯುತ್ತದೆ.

ಮೇಲೆ ಹೇಳಿದ ಪಾತ್ರಗಳು ಎಲ್ಲರಿಗೂ ಸೇರಿದವು. ಒಬ್ಬ ಲೇಖಕರು ಹೊಸದಾಗಿ ಸೃಷ್ಟಿಸಿದ ಪಾತ್ರವನ್ನು ಇನ್ನೊಬ್ಬರು ಹಾದುಹೋಗುವಂತೆ ಬಳಸಲು ಅನುಮತಿ ಬೇಡ. ಮದುವೆ ಮಾಡಿಸಲು, ಊರು ಬಿಡಿಸಲು, ಸಾಯಿಸಲು ಸೃಷ್ಟಿಸಿದವರ ಲಿಖಿತ ಒಪ್ಪಿಗೆ ಬೇಕು. ಅವರು ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಸಂಯೋಜಕರು ತೀರ್ಮಾನಿಸುತ್ತಾರೆ.

ಪ್ರತಿ ಕಥೆಯ ಜೊತೆಗೆ ಒಂದು ಸಂಗತಿಪತ್ರ ಕಳುಹಿಸಬೇಕು. ಕಥೆ ನಡೆಯುವ ತಿಂಗಳು ಮತ್ತು ವರ್ಷ, ಹೊಸದಾಗಿ ಸೇರಿದ ಹೆಸರು, ಸಂಬಂಧ, ಜಾಗ, ವಸ್ತು, ನೀವು ಬೇಕೆಂದೇ ತೆರೆದಿಟ್ಟ ಪ್ರಶ್ನೆ ಇವಿಷ್ಟು ಅದರಲ್ಲಿರಬೇಕು. ಕೊನೆಯದ್ದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಮುಂದೆ ಬರೆಯುವವರಿಗೆ ಹೆಚ್ಚು ಉಪಯೋಗವಾಗುವುದು ಅದೇ. ಮಾದರಿಗೆ ಎತ್ತು ಮಾರಿದ ಕಥೆಯ ಪತ್ರ ಹೀಗಿದೆ: “ಏಪ್ರಿಲ್ 1963. ಹೊಸ ಹೆಸರು: ಎತ್ತುಗಳು ಬೆಳ್ಳ, ಕೆಂದ. ಕೊಂಡವನು ತಾಳಗುಪ್ಪದ ಕಡೆಯವನು, ಹೆಸರಿಲ್ಲ. ತೆರೆದ ಪ್ರಶ್ನೆ: ಹುಚ್ಚಪ್ಪ ಹಣವನ್ನು ಮನೆಗೆ ತರಲಿಲ್ಲ, ಎಲ್ಲಿ ಕೊಟ್ಟ?”

ಈ ಪ್ರಶ್ನೆಯನ್ನು ಇನ್ನೂ ಯಾರೂ ಎತ್ತಿಕೊಂಡಿಲ್ಲ. ಸದ್ಯಕ್ಕೆ 1964ರಿಂದ 1970ರವರೆಗಿನ ಮೇಲಿನಕೇರಿ, ಹೊಸ ಸುರಗಿಗೋಡಿನ ಮೊದಲ ಮಳೆಗಾಲ, ಸುಬ್ಬರಾಯರ ಕೊನೆಯ ವರ್ಷಗಳು ಇವು ಬರೆಯುವವರಿಗಾಗಿ ತೆರೆದಿವೆ. 1976ರ ವಿಚಾರಣೆಯ ದಿನವನ್ನು ಸಾವಿತ್ರಿಯ ಕಣ್ಣಿನಿಂದ ಬರೆಯುವ ಕಥೆಯನ್ನು ಒಬ್ಬರು ಈಗಾಗಲೇ ಬರೆಯುತ್ತಿರುವುದರಿಂದ, ಅದು ಮುಗಿಯುವವರೆಗೆ ಆ ದಿನವನ್ನು ಬೇರೆಯವರು ಮುಟ್ಟಬಾರದು.