ಮಾರ್ಚ್-ಏಪ್ರಿಲ್ ತಿಂಗಳ ನೀರು ಮತ್ತು ನಿರ್ವಹಣೆ ಲೆಕ್ಕದ ಬಗ್ಗೆ

ಕುಂಬಳೆ
9 ಮೇ 2025

ಶೆಟ್ರಿಗೆ ನಮಸ್ಕಾರಗಳು.

ಮೊನ್ನೆ ನಿಮ್ಮ ಮಗ ನಮ್ಮ ಕ್ವಾರ್ಟರ್ಸಿನ ವಾಟ್ಸಾಪ್ ಗುಂಪಿಗೆ ಮಾರ್ಚ್-ಏಪ್ರಿಲ್ ತಿಂಗಳ ಲೆಕ್ಕದ ಪಟ್ಟಿ ಕಳಿಸಿದ್ದರು. ನನ್ನ ಹೆಸರಿನ ಮುಂದೆ ₹4,311 ಅಂತ ಇದೆ. ಇಷ್ಟು ಯಾಕೆ ಬಂತು ಅಂತ ಕೂತು ಒಂದೊಂದೇ ಸಾಲು ನೋಡಿದೆ. ನನ್ನ ಲೆಕ್ಕದಲ್ಲಿ ಕೊಡಬೇಕಾದದ್ದು ₹1,772 ಮಾತ್ರ. ಫೋನಿನಲ್ಲಿ ಇಷ್ಟೆಲ್ಲ ಅಂಕೆ ಹೇಳುವುದು ಕಷ್ಟ. ನಿಮಗೂ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಲು ಅನುಕೂಲ ಆಗಲಿ ಅಂತ ಬರೆದೇ ಕೊಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನೀವು ಕೈಯಲ್ಲಿ ಬರೆದು ಕೊಡುತ್ತಿದ್ದ ಚೀಟಿಗಳಲ್ಲಿ ಇಂಥ ವ್ಯತ್ಯಾಸ ಯಾವತ್ತೂ ಬಂದಿರಲಿಲ್ಲ. ಜನವರಿ-ಫೆಬ್ರವರಿಯ ಚೀಟಿ ಕೂಡ ಸರಿ ಇತ್ತು. ಈ ಸಲ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವಾಗ ತಪ್ಪಿದೆ. ಬೇಕೆಂದೇ ಜಾಸ್ತಿ ಹಾಕಿದ್ದಾರೆ ಅಂತ ನಾನು ಖಂಡಿತ ಹೇಳುತ್ತಿಲ್ಲ.

ದೊಡ್ಡ ತಪ್ಪು ಇರುವುದು ಬಿಲ್ಲಿನ ಅವಧಿಯಲ್ಲಿ. ವಾಟರ್ ಅಥಾರಿಟಿಯ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಪಂಪಿನ ಕರೆಂಟು ಬಿಲ್ಲೂ ಹಾಗೆಯೇ. ಈ ಸಲ ನೀರಿನ ಬಿಲ್ಲು ₹1,195, ಕರೆಂಟು ₹1,485. ಎರಡೂ ಮಾರ್ಚ್ ಮತ್ತು ಏಪ್ರಿಲ್ ಸೇರಿಯೇ ಬಂದದ್ದು. ಆದರೆ ಪಟ್ಟಿಯಲ್ಲಿ ಪ್ರತಿ ತಿಂಗಳಿಗೂ ಒಂದೊಂದು ಸಾಲು ಇದೆ. ಹಾಗಾಗಿ ಮಾರ್ಚಿನ ಸಾಲಿನಲ್ಲಿ ₹1,195, ಏಪ್ರಿಲಿನ ಸಾಲಿನಲ್ಲಿ ಮತ್ತೆ ₹1,195 ಕೂತಿದೆ. ಕರೆಂಟಿನದ್ದೂ ಎರಡೆರಡು ಸಲ ಇದೆ. ಟ್ಯಾಂಕರಿನ ಲೆಕ್ಕದಲ್ಲಿ ತಕರಾರಿಲ್ಲ. ಬಾವಿಯಲ್ಲಿ ನೀರು ತಳ ಕಂಡ ಮೇಲೆ ನಾಲ್ಕು ಲೋಡು ಬಂದದ್ದು ನಾವೆಲ್ಲ ನೋಡಿದ್ದೇವೆ. ಲೋಡಿಗೆ ₹1,200ರಂತೆ ₹4,800 ಸರಿಯೇ. ಎಲ್ಲ ಸೇರಿ ನಿಜವಾಗಿ ಆದ ಖರ್ಚು ₹7,480. ಪಟ್ಟಿಯಲ್ಲಿ ಅದು ₹10,160 ಆಗಿದೆ.

ಇನ್ನು ಈ ಖರ್ಚನ್ನು ಹಂಚಿದ ರೀತಿ. ನಾನು ಮನೆಗೆ ಬಂದಾಗ ನೀವೇ ಹೇಳಿದ್ದಿರಿ, ಒಟ್ಟು ಖರ್ಚನ್ನು ಎಲ್ಲ ಮೀಟರುಗಳ ಯೂನಿಟ್ಟಿಗೆ ಭಾಗಿಸಿ, ಯಾರು ಎಷ್ಟು ಬಳಸಿದ್ದಾರೋ ಅಷ್ಟಕ್ಕೆ ಕೊಡುವುದು ಅಂತ. ಒಂದು ಯೂನಿಟ್ಟು ಅಂದರೆ 1,000 ಲೀಟರ್. ಆರು ಕ್ವಾರ್ಟರ್ಸಿಗೆ ಆರು ಮೀಟರು, ಎದುರಿನ ಚಹಾ ಹೊಟೇಲಿಗೆ ಒಂದು, ಒಟ್ಟು ಏಳು. ನಿಮ್ಮ ಹಳೆಯ ಚೀಟಿಯಲ್ಲಿ ಹೊಟೇಲಿನ ಸಾಲು ಯಾವಾಗಲೂ ಕೊನೆಗೆ ಇರುತ್ತಿತ್ತು. ಹೊಸ ಪಟ್ಟಿಯಲ್ಲಿ ಆ ಸಾಲೇ ಇಲ್ಲ. ಫೆಬ್ರವರಿ ಕೊನೆಗೆ ಅವರ ಮೀಟರು 310 ಇತ್ತು ಅಂತ ನಿಮ್ಮ ಚೀಟಿಯಲ್ಲೇ ಇದೆ. ಅವರನ್ನು ಕೇಳಿ ಏಪ್ರಿಲ್ 30ರಂದು ನೋಡಿದಾಗ 330 ತೋರಿಸುತ್ತಿತ್ತು. ಅಂದರೆ 20 ಯೂನಿಟ್ಟು ಅವರದ್ದು. ಸಂಪು ಒಂದೇ, ಪಂಪೂ ಒಂದೇ ಅಲ್ವಾ? ಅವರು ಬಳಸಿದ ನೀರಿನ ಖರ್ಚು ಈಗ ಆರು ಮನೆಗಳ ಮೇಲೆ ಬಿದ್ದಿದೆ.

ಮೂರನೆಯದು ನನ್ನ ಮೀಟರಿನದ್ದೇ. ಕಳೆದ ಸಲದ ರೀಡಿಂಗ್ 421. ಅದನ್ನು ಪಟ್ಟಿಯಲ್ಲಿ 412 ಅಂತ ತಿರುಗಿಸಿ ಬರೆದಿದ್ದಾರೆ. ಈ ಸಲದ್ದು 434, ಅದು ಸರಿ ಇದೆ. ನಾನು ಬಳಸಿದ್ದು 13 ಯೂನಿಟ್ಟು. ಪಟ್ಟಿಯ ಪ್ರಕಾರ 22. ಎರಡೂ ಸಲದ ಮೀಟರಿನ ಫೋಟೋ ನನ್ನ ಫೋನಿನಲ್ಲಿದೆ, ಗುಂಪಿಗೆ ಹಾಕದೆ ನಿಮಗೆ ಮಾತ್ರ ಕಳಿಸುತ್ತೇನೆ.

ಈ ಮೂರೂ ಸೇರಿದ್ದರಿಂದಲೇ ಮೊತ್ತ ಇಷ್ಟು ಏರಿದ್ದು. ಪಟ್ಟಿಯಲ್ಲಿ ₹10,160ನ್ನು 89 ಯೂನಿಟ್ಟಿಗೆ ಭಾಗಿಸಿದ್ದಾರೆ. ಯೂನಿಟ್ಟಿಗೆ ₹114.16 ಬಿತ್ತು, ನನ್ನ 22ಕ್ಕೆ ₹2,511. ಸರಿಯಾಗಿ ಮಾಡಿದರೆ ಆರು ಮನೆಗಳದ್ದು 80, ಹೊಟೇಲಿನದ್ದು 20, ಒಟ್ಟು 100 ಯೂನಿಟ್ಟು. ₹7,480ನ್ನು 100ಕ್ಕೆ ಭಾಗಿಸಿದರೆ ಯೂನಿಟ್ಟಿಗೆ ₹74.80. ನನ್ನ 13ಕ್ಕೆ ₹972. ಹೊಟೇಲಿನವರ ಪಾಲು ₹1,496. ಇಷ್ಟು ಹಾಕಿದರೆ ನಿಮಗೆ ಆದ ಖರ್ಚು ಪೂರ್ತಿ ವಾಪಸು ಬರುತ್ತದೆ, ಒಂದು ರೂಪಾಯಿಯೂ ಕೈಯಿಂದ ಹೋಗುವುದಿಲ್ಲ.

ನಿರ್ವಹಣೆಯ ವಿಷಯ ಇಷ್ಟು ಉದ್ದ ಇಲ್ಲ. ತಿಂಗಳಿಗೆ ₹400ರಂತೆ ₹800, ಅದನ್ನು ಕೊಡುತ್ತೇನೆ. ಅದರ ಮೇಲೆ ಕಸದ ಬಾಬ್ತು ₹100 ಹಾಕಿದ್ದಾರೆ. ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ತೆಗೆದುಕೊಳ್ಳಲು ಬಂದಾಗ ನಾವು ಅವರ ಕೈಗೇ ಹಣ ಕೊಡುತ್ತೇವೆ, ರಶೀದಿಯೂ ಇದೆ. ಮತ್ತೆ ನಿಮಗೆ ಕೊಡುವ ಅಗತ್ಯ ಇಲ್ಲ. ಇನ್ನೊಂದು, ಮೋಟಾರಿನ ರಿವೈಂಡಿಂಗಿಗೆ ಆದ ₹5,400ನ್ನು ಆರು ಮನೆಗೆ ಹಂಚಿ ತಲಾ ₹900 ಹಾಕಿದ್ದಾರೆ. ನಾವು ಸಹಿ ಹಾಕಿದ ಕರಾರು ಪತ್ರದ 7ನೇ ಅಂಶ ನೋಡಿ. ನಳ್ಳಿ, ಬಲ್ಬು, ಫ್ಯೂಸು ಬಾಡಿಗೆಯವರದ್ದು. ಪಂಪು, ಪೈಪ್‌ಲೈನ್, ಮಾಡಿನ ರಿಪೇರಿ ಮನೆ ಮಾಲೀಕರದ್ದು ಅಂತ ಸ್ಪಷ್ಟವಾಗಿ ಇದೆ. ಬಿರುಬೇಸಗೆಯಲ್ಲಿ ಮೋಟಾರು ಕೆಟ್ಟಾಗ ನೀವು ಎರಡೇ ದಿನದಲ್ಲಿ ಸರಿ ಮಾಡಿಸಿದಿರಿ, ಅದಕ್ಕೆ ನಾವೆಲ್ಲ ಋಣಿಗಳು. ಆದರೂ ಆ ಖರ್ಚು ನಮ್ಮ ಚೀಟಿಗೆ ಬರಬಾರದು.

ಹಾಗಾಗಿ ನೀರಿಗೆ ₹972, ನಿರ್ವಹಣೆಗೆ ₹800, ಒಟ್ಟು ₹1,772. ಇದನ್ನು ಬಾಡಿಗೆಯ ಜೊತೆಗೆ ಇವತ್ತೇ ನಿಮ್ಮ ಖಾತೆಗೆ ಹಾಕಿದ್ದೇನೆ. ಉಳಿದ ₹2,539ನ್ನು ನನ್ನ ಹೆಸರಿನಲ್ಲಿ ಬಾಕಿ ಅಂತ ತೋರಿಸಬೇಡಿ. ನನ್ನ ಲೆಕ್ಕದಲ್ಲಿ ಎಲ್ಲಾದರೂ ಸಂಶಯ ಬಂದರೆ ಹೇಳಿ, ಬಿಲ್ಲುಗಳನ್ನು ಇಟ್ಟುಕೊಂಡು ಕೂತು ನೋಡುವ.

ನನ್ನ ಒಂದು ಚೀಟಿ ಸರಿ ಮಾಡಿ ಉಳಿದದ್ದನ್ನು ಹಾಗೇ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕೆಳಗಿನ 2ನೇ ಕ್ವಾರ್ಟರ್ಸಿನ ಅಜ್ಜಿ ಒಬ್ಬರೇ ಇರುವುದು. ಅವರು ಬಳಸಿದ್ದು ಬರೀ 6 ಯೂನಿಟ್ಟು. ₹449 ಆಗಬೇಕಾದಲ್ಲಿ ₹685 ಆಗಿದೆ. ಮೋಟಾರು, ಕಸ ಸೇರಿದರೆ ಅವರಿಂದ ₹1,236 ಜಾಸ್ತಿ ಹೋಗಿದೆ. ಪಟ್ಟಿ ಓದಲು ಆಗದೆ, ಹೇಳಿದಷ್ಟನ್ನು ಆವತ್ತೇ ಕೊಟ್ಟುಬಿಟ್ಟಿದ್ದಾರೆ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತ ಅಲ್ಲ. ಅವರದ್ದನ್ನು ಮುಂದಿನ ತಿಂಗಳಿಗೆ ಹೊಂದಿಸುವ ಬದಲು ಕೈಗೇ ವಾಪಸು ಕೊಟ್ಟರೆ ಒಳ್ಳೆಯದು.

ಮುಂದಿನ ಸಲದಿಂದ ಮೀಟರು ನೋಡುವಾಗ ಆಯಾ ಮನೆಯವರೂ ಪಕ್ಕದಲ್ಲಿರಲಿ. ಪಟ್ಟಿಯ ಜೊತೆಗೆ ಎರಡು ಬಿಲ್ಲುಗಳ ಫೋಟೋ ಗುಂಪಿಗೆ ಹಾಕಿದರೆ ಸಾಕು, ಯಾರಿಗೂ ಕೇಳುವ ಕೆಲಸ ಇರುವುದಿಲ್ಲ. ಪಟ್ಟಿಯಲ್ಲಿ ತಿಂಗಳಿಗೊಂದು ಸಾಲಿನ ಬದಲು ಎರಡು ತಿಂಗಳಿಗೆ ಒಂದೇ ಸಾಲು ಮಾಡಲು ನಿಮ್ಮ ಮಗನಿಗೆ ಹೇಳಿ. ಬೇಕಾದರೆ ನಾನೇ ಕೂತು ಸರಿ ಮಾಡಿ ಕೊಡುತ್ತೇನೆ.

ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ನೀವು ತೋಟಕ್ಕೆ ಬರುವ ದಾರಿಯಲ್ಲಿ ಹತ್ತಿ ಬನ್ನಿ. ಅಕ್ಕನಿಗೂ ನಮಸ್ಕಾರ ತಿಳಿಸಿ.

ಇಂತಿ,
ಸುಮತಿ
ಮಹಡಿ, 5ನೇ ಕ್ವಾರ್ಟರ್ಸ್

ಜೊತೆಗಿಟ್ಟದ್ದು: ಜನವರಿ-ಫೆಬ್ರವರಿ ಚೀಟಿಯ ನಕಲು, ಕರಾರು ಪತ್ರದ 7ನೇ ಅಂಶ ಇರುವ ಪುಟದ ನಕಲು, ಹರಿತ ಕರ್ಮ ಸೇನೆಯ ಎರಡು ರಶೀದಿಗಳ ನಕಲು.