ಮೂರು ಗೆರೆ ಎಳೆದರೆ ಒಂದು ಸಂಬಂಧ ಆಗುವುದಿಲ್ಲ

(ಕ್ಲಿನಿಕ್‌ಗೆ ಡೇಟಾಬೇಸ್ ಮಾಡುವ ಪ್ರಾಜೆಕ್ಟ್. ವಿದ್ಯಾರ್ಥಿ ತನ್ನ ಇ-ಆರ್ ಡೈಗ್ರಾಂ ತಂದಿದ್ದಾನೆ. ವೈದ್ಯ, ರೋಗಿ, ಔಷಧಿ ಎಂಬ ಮೂರು ಎಂಟಿಟಿಗೆ ಮೂರು ಬಾಕ್ಸ್. ಎರಡೆರಡರ ನಡುವೆ ಸಂಬಂಧ ತೋರಿಸುವ ಒಂದೊಂದು ಡೈಮಂಡ್.)

ಶಿಕ್ಷಕಿ: ಡೈಗ್ರಾಂ ನೀಟಾಗಿದೆ. ಆದರೆ ಒಂದು ಮಾತು ಕೇಳುತ್ತೇನೆ. ಈ ಮೂರು ಡೈಮಂಡ್ ಯಾಕೆ?

ವಿದ್ಯಾರ್ಥಿ: ವೈದ್ಯರು ರೋಗಿಗೆ ಔಷಧಿ ಬರೆದುಕೊಡುತ್ತಾರೆ ಅಲ್ವಾ ಮೇಡಂ. ಮೊದಲು ಮೂರನ್ನೂ ಒಂದೇ ಡೈಮಂಡ್‌ಗೆ ಸೇರಿಸಿದ್ದೆ. ಆಮೇಲೆ ಟರ್ನರಿ ಯಾಕೆ ಸುಮ್ನೆ ಎನಿಸಿತು. ವೈದ್ಯ-ರೋಗಿ, ರೋಗಿ-ಔಷಧಿ, ವೈದ್ಯ-ಔಷಧಿ ಎಂದು ಮೂರು ಬೈನರಿ ಮಾಡಿದೆ. ಮಾಹಿತಿ ಅದೇ, ಟೇಬಲ್ ಚಿಕ್ಕದು.

ಶಿಕ್ಷಕಿ: ಮಾಹಿತಿ ಅದೇ ಎಂದೆಯಲ್ಲ, ಅದನ್ನೇ ನೋಡೋಣ. ಕ್ಲಿನಿಕ್‌ನಲ್ಲಿ ಈವರೆಗೆ ಮೂರೇ ಸಲ ಔಷಧಿ ಬರೆದಿದ್ದಾರೆ ಎಂದುಕೋ.

```
doctor  patient  medicine
D1      P1       M2
D1      P2       M1
D2      P1       M1
```

ಇದನ್ನು ನಿನ್ನ ಮೂರು ಟೇಬಲ್‌ಗೆ ಹಂಚು.

ವಿದ್ಯಾರ್ಥಿ: ವೈದ್ಯ-ರೋಗಿ ಟೇಬಲ್‌ಗೆ D1-P1, D1-P2, D2-P1. ರೋಗಿ-ಔಷಧಿಗೆ P1-M2, P2-M1, P1-M1. ವೈದ್ಯ-ಔಷಧಿಗೆ D1-M2, D1-M1, D2-M1. ಆಯ್ತು.

ಶಿಕ್ಷಕಿ: ಈಗ ಮೂಲ ಟೇಬಲ್ ಅಳಿಸಿದೆ. ನಿನ್ನ ಹತ್ತಿರ ಈ ಮೂರೇ ಇವೆ. D1 ಅವರು P1 ಅವರಿಗೆ M1 ಬರೆದಿದ್ದಾರಾ?

ವಿದ್ಯಾರ್ಥಿ: D1-P1 ಇದೆ. P1-M1 ಇದೆ. D1-M1 ಕೂಡ ಇದೆ. ಬರೆದಿದ್ದಾರೆ... ಇಲ್ಲ, ತಡೀರಿ. ಮೇಲಿನ ಟೇಬಲ್‌ನಲ್ಲಿ ಆ ಸಾಲು ಇರಲೇ ಇಲ್ಲ!

ಶಿಕ್ಷಕಿ: ಇರಲಿಲ್ಲ. ಮೂರು ಟೇಬಲ್‌ಗೆ dp, pm, dm ಎಂದು ಹೆಸರಿಟ್ಟು ಕ್ವೆರಿ ಓಡಿಸಿ ನೋಡು.

```sql
SELECT dp.doctor, dp.patient, pm.medicine
FROM dp
JOIN pm ON pm.patient = dp.patient
JOIN dm ON dm.doctor = dp.doctor
       AND dm.medicine = pm.medicine;
```

ವಿದ್ಯಾರ್ಥಿ: ನಾಲ್ಕು ಸಾಲು ಬಂತು. D1, P1, M1 ಎಲ್ಲಿಂದ ಹುಟ್ಟಿತು ಮೇಡಂ?

ಶಿಕ್ಷಕಿ: ಮೂರು ಬೇರೆ ಬೇರೆ ಘಟನೆಗಳ ಚೂರು ಸೇರಿ ಹುಟ್ಟಿತು. D1 ಅವರು P1 ಅವರನ್ನು ನೋಡಿದ್ದು ನಿಜ, ಆದರೆ M2 ಬರೆಯಲು. P1 ಅವರಿಗೆ M1 ಸಿಕ್ಕಿದ್ದು ನಿಜ, ಆದರೆ D2 ಅವರಿಂದ. D1 ಅವರು M1 ಬರೆದಿದ್ದೂ ನಿಜ, ಆದರೆ P2 ಅವರಿಗೆ. ಮೂರು ನಿಜ ಸೇರಿಸಿ ಒಂದು ಸುಳ್ಳು ತಯಾರಾಯಿತು. ನಾಳೆ P1 ಅವರಿಗೆ M1 ಒಗ್ಗದೆ ತೊಂದರೆಯಾದರೆ, ಯಾರು ಬರೆದರು ಎಂದು ಹುಡುಕುವವರಿಗೆ D1 ಹೆಸರೂ ಸಿಗುತ್ತದೆ. ಅವರು ಬರೆದೇ ಇಲ್ಲ. ಅದಕ್ಕೇ ನಿನ್ನನ್ನು ಇಷ್ಟು ಹೊತ್ತು ಕೂರಿಸಿಕೊಂಡಿದ್ದೇನೆ.

ವಿದ್ಯಾರ್ಥಿ: ಆದರೆ ಮೇಡಂ, ಒಂದು ಸಾಲು ಜಾಸ್ತಿ ಬಂತು ಅಷ್ಟೇ. ಯಾವ ನಿಜವಾದ ಸಾಲೂ ಕಳೆದುಹೋಗಲಿಲ್ಲವಲ್ಲ? ಮಾಹಿತಿ ಕಳೆಯಿತು ಎನ್ನುವುದು ಹೇಗೆ?

ಶಿಕ್ಷಕಿ: ಒಳ್ಳೆ ಪ್ರಶ್ನೆ. ಪಕ್ಕದಲ್ಲಿ ಇನ್ನೊಂದು ಕ್ಲಿನಿಕ್ ಇದೆ ಎಂದುಕೋ. ಅಲ್ಲಿ D1 ಅವರು P1 ಅವರಿಗೆ M1 ನಿಜವಾಗಿಯೂ ಬರೆದಿದ್ದಾರೆ. ಉಳಿದ ಮೂರು ಸಾಲು ನಮ್ಮವೇ. ಆ ನಾಲ್ಕು ಸಾಲನ್ನು ಮೂರು ಬೈನರಿಗೆ ಹಂಚು.

ವಿದ್ಯಾರ್ಥಿ: D1-P1 ಆಗಲೇ ಇದೆ. P1-M1 ಇದೆ. D1-M1 ಇದೆ. ಹೊಸದೇನೂ ಸೇರಲಿಲ್ಲ... ಮೂರೂ ಟೇಬಲ್ ಹಾಗೇ ಉಳಿದವು.

ಶಿಕ್ಷಕಿ: ಎರಡು ಕ್ಲಿನಿಕ್‌ನಲ್ಲಿ ನಡೆದದ್ದು ಬೇರೆ, ನಿನ್ನ ಡೇಟಾಬೇಸ್ ಮಾತ್ರ ಒಂದೇ. ಕಳೆದುಹೋದದ್ದು ಸಾಲಲ್ಲ. ಇದು ಮೊದಲನೆಯ ಕ್ಲಿನಿಕ್ಕೋ ಎರಡನೆಯದೋ ಎಂದು ಹೇಳುವ ಶಕ್ತಿ ಹೋಯಿತು. ಸಾಲು ಜಾಸ್ತಿಯಾದಾಗ ತಿಳಿವಳಿಕೆ ಕಮ್ಮಿಯಾಗಬಹುದು. ಇದು ಮೊದಲ ಸಲ ಎಲ್ಲರಿಗೂ ವಿಚಿತ್ರ ಅನಿಸುತ್ತದೆ, ನನಗೂ ಅನಿಸಿತ್ತು.

ವಿದ್ಯಾರ್ಥಿ: ಒಂದು ನಿಯಮ ಹಾಕಿದರೆ? ಒಬ್ಬ ರೋಗಿಗೆ ಒಂದು ಔಷಧಿಯನ್ನು ಒಬ್ಬರೇ ವೈದ್ಯರು ಬರೆಯಬೇಕು ಎಂದು. ಆಗ P1-M1 ಗೆ D1, D2 ಇಬ್ಬರೂ ಬರುವಂತಿಲ್ಲ. D2 ಅವರಿಗೆ M1 ಬಿಟ್ಟರೆ ಬೇರೆ ಔಷಧಿಯೇ ಇಲ್ಲ, ಹಾಗಾಗಿ ಆ ಸಾಲು D2 ಅವರದ್ದೇ. ಸುಳ್ಳು ಸಾಲನ್ನು ಪತ್ತೆ ಮಾಡಬಹುದಲ್ಲ?

ಶಿಕ್ಷಕಿ: ಭೇಷ್! ಈ ಮೂರು ಸಾಲಿನ ಮಟ್ಟಿಗೆ ನಿನ್ನ ತರ್ಕ ಸರಿ. ಅದನ್ನು ಮುರಿಯಲು ಬೇರೆ ಡೇಟಾ ಬೇಕು. ಇದು ನೋಡು.

```
ಮೊದಲನೆಯದು     ಎರಡನೆಯದು
D1 P1 M1       D1 P1 M2
D1 P2 M2       D1 P2 M1
D2 P1 M2       D2 P1 M1
D2 P2 M1       D2 P2 M2
```

ಎರಡರಲ್ಲೂ ನಿನ್ನ ನಿಯಮ ಪಾಲನೆಯಾಗಿದೆಯಾ?

ವಿದ್ಯಾರ್ಥಿ: ಆಗಿದೆ. ಪ್ರತಿ ರೋಗಿ-ಔಷಧಿ ಜೋಡಿಗೂ ಒಬ್ಬರೇ ವೈದ್ಯರು.

ಶಿಕ್ಷಕಿ: ಎರಡಕ್ಕೂ ಸಾಮಾನ್ಯವಾದ ಸಾಲು?

ವಿದ್ಯಾರ್ಥಿ: ಒಂದೂ ಇಲ್ಲ.

ಶಿಕ್ಷಕಿ: ಈಗ ಹಂಚು.

ವಿದ್ಯಾರ್ಥಿ: ಮೊದಲನೆಯದರಲ್ಲಿ ವೈದ್ಯ-ರೋಗಿ ನಾಲ್ಕೂ ಜೋಡಿ ಬಂದವು. ರೋಗಿ-ಔಷಧಿ ನಾಲ್ಕೂ. ವೈದ್ಯ-ಔಷಧಿ ನಾಲ್ಕೂ. ಎರಡನೆಯದರಲ್ಲಿ... ಅಯ್ಯೋ. ಅದೂ ನಾಲ್ಕು, ನಾಲ್ಕು, ನಾಲ್ಕು. ಜಾಯಿನ್ ಮಾಡಿದರೆ ಎಂಟು ಸಾಲು ಬರುತ್ತದೆ, ಅರ್ಧ ಸುಳ್ಳು. ಯಾವ ಅರ್ಧ ಎಂದು ಹೇಳಲು ಆಗುವುದೇ ಇಲ್ಲ!

ಶಿಕ್ಷಕಿ: ಒಂದೂ ಸಾಲು ಹೋಲದ ಎರಡು ಟೇಬಲ್, ಬೈನರಿಗೆ ಇಳಿಸಿದ ಮೇಲೆ ಅವಳಿ ಜವಳಿ. ನಿಯಮ ಕೂಡ ಸಹಾಯಕ್ಕೆ ಬರಲಿಲ್ಲ. ಇನ್ನೊಂದು ಗಮನಿಸು. ಆ ನಿಯಮವನ್ನು ನಿನ್ನ ಮೂರು ಟೇಬಲ್‌ನಲ್ಲಿ ಎಲ್ಲಿ ಬರೆಯುತ್ತೀಯ?

ವಿದ್ಯಾರ್ಥಿ: ರೋಗಿ-ಔಷಧಿ ಟೇಬಲ್‌ನಲ್ಲಿ ವೈದ್ಯರ ಕಾಲಂ ಇಲ್ಲ. ವೈದ್ಯರಿರುವ ಕಡೆ ರೋಗಿ, ಔಷಧಿ ಎರಡೂ ಒಟ್ಟಿಗೆ ಇಲ್ಲ. ಬರೆಯಲು ಜಾಗವೇ ಇಲ್ಲ.

ಶಿಕ್ಷಕಿ: ಟರ್ನರಿ ಟೇಬಲ್‌ನಲ್ಲಾದರೆ ಒಂದೇ ಸಾಲು:

```sql
UNIQUE (patient, medicine)
```

ಟರ್ನರಿ ಡೈಮಂಡ್‌ನ ಮೇಲೆ 1 ಅಂತ ಬರೆದರೆ ಅದನ್ನು ಓದುವ ರೀತಿಯೇ ಬೇರೆ. ವೈದ್ಯರ ಕಡೆ 1 ಇದ್ದರೆ, ಉಳಿದ ಎರಡನ್ನೂ, ಅಂದರೆ ರೋಗಿಯನ್ನೂ ಔಷಧಿಯನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದಾಗ ಒಬ್ಬರೇ ವೈದ್ಯರು ಎಂದು ಅರ್ಥ. ರೋಗಿಗೆ ಒಬ್ಬರೇ ವೈದ್ಯರು ಎಂದಲ್ಲ. ಪೀಟರ್ ಚೆನ್ 1976ರಲ್ಲಿ ಇ-ಆರ್ ಮಾದರಿ ಮುಂದಿಟ್ಟಾಗಲೇ ಎರಡಕ್ಕಿಂತ ಹೆಚ್ಚು ಎಂಟಿಟಿ ಸೇರುವ ಸಂಬಂಧಕ್ಕೆ ಜಾಗ ಕೊಟ್ಟಿದ್ದರು. ಇನ್ನೂ ಹಿಂದೆ, 1970ರಲ್ಲಿ, ಇ. ಎಫ್. ಕಾಡ್ ಇಂಥದ್ದೇ ತಪ್ಪಿಗೆ ‘ಕನೆಕ್ಷನ್ ಟ್ರ್ಯಾಪ್’ ಎಂದು ಹೆಸರಿಟ್ಟರು. ಎರಡು ಕೊಂಡಿ ಇವೆ ಎಂದಮಾತ್ರಕ್ಕೆ ಎರಡು ತುದಿಗಳ ನಡುವಿನ ಸಂಬಂಧವೂ ನಿಜ ಎಂದು ನಂಬಿಬಿಡುವುದು. ನೀನು ಬಿದ್ದ ಗುಂಡಿ ಹೊಸದೇನಲ್ಲ.

ವಿದ್ಯಾರ್ಥಿ: ಹಾಗಾದರೆ ಟರ್ನರಿಯನ್ನು ಯಾವತ್ತೂ ಮೂರು ಬೈನರಿ ಮಾಡುವಂತಿಲ್ಲವಾ?

ಶಿಕ್ಷಕಿ: ಮಾಡಬಹುದು, ಕ್ಲಿನಿಕ್ಕೇ ಹಾಗೆ ನಡೆಯುತ್ತಿದ್ದರೆ. ‘ವೈದ್ಯರು ಆ ರೋಗಿಗೆ ಏನಾದರೂ ಬರೆದಿದ್ದರೆ, ಆ ರೋಗಿಗೆ ಆ ಔಷಧಿ ಯಾರಾದರೂ ಬರೆದಿದ್ದರೆ, ಆ ವೈದ್ಯರು ಆ ಔಷಧಿಯನ್ನು ಯಾರಿಗಾದರೂ ಬರೆದಿದ್ದರೆ, ಅವರು ಅದನ್ನು ಆ ರೋಗಿಗೂ ಬರೆದೇ ಇರುತ್ತಾರೆ.’ ಇದು ಸದಾ ಸತ್ಯವಾಗಿದ್ದರೆ ಜಾಯಿನ್‌ನಲ್ಲಿ ಸುಳ್ಳು ಸಾಲು ಹುಟ್ಟುವುದಿಲ್ಲ. ಇದಕ್ಕೆ ಜಾಯಿನ್ ಡಿಪೆಂಡೆನ್ಸಿ ಎನ್ನುತ್ತಾರೆ. ರೊನಾಲ್ಡ್ ಫೇಗಿನ್ 1979ರಲ್ಲಿ ಕೊಟ್ಟ ಐದನೇ ನಾರ್ಮಲ್ ಫಾರ್ಮ್ ನಿಂತಿರುವುದು ಇದರ ಮೇಲೆಯೇ. ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದು. ಯಾವ ಕ್ಲಿನಿಕ್ ಹಾಗೆ ನಡೆಯುತ್ತದೆ?

ವಿದ್ಯಾರ್ಥಿ: ಯಾವುದೂ ಇಲ್ಲ. ಹಾಗಿದ್ದರೆ ಮೂರೂ ಬೈನರಿ ಅಳಿಸಿಬಿಡಲಾ?

ಶಿಕ್ಷಕಿ: ನಿಲ್ಲು, ಅವಸರ ಬೇಡ. ಒಂದೊಂದನ್ನೂ ಕೇಳು: ಔಷಧಿ ಬರೆಯದೇ ಇದ್ದಾಗಲೂ ಈ ಮಾತು ನಿಲ್ಲುತ್ತದಾ? ರೋಗಿಗೆ ಒಂದು ಔಷಧಿ ಅಲರ್ಜಿ. ಅದಕ್ಕೆ ವೈದ್ಯರು ಬೇಕಿಲ್ಲ, ಅದು ಅಪ್ಪಟ ಬೈನರಿ. ಒಬ್ಬರು ಕುಟುಂಬ ವೈದ್ಯರಾಗಿದ್ದರೆ ಆ ವೈದ್ಯ-ರೋಗಿ ಸಂಬಂಧಕ್ಕೆ ಔಷಧಿ ಬೇಕಿಲ್ಲ. ಅಂಥವು ಟರ್ನರಿಯ ಪಕ್ಕದಲ್ಲಿ ಇರಲಿ. ನೀನು ಎಳೆದ ಗೆರೆಗಳು ಅಂಥವಲ್ಲ, ಟರ್ನರಿಯ ನೆರಳು ಅವು. ಸರಿ, ಡೋಸ್ ಎಲ್ಲಿಟ್ಟಿದ್ದೀಯ?

ವಿದ್ಯಾರ್ಥಿ: ರೋಗಿ-ಔಷಧಿಯಲ್ಲಿ. ಓ... ಇಬ್ಬರು ವೈದ್ಯರು ಒಂದೇ ಔಷಧಿಯನ್ನು ಬೇರೆ ಬೇರೆ ಡೋಸ್‌ನಲ್ಲಿ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇನೆ. ಅದೂ ಮೂವರಿಗೂ ಸೇರಿದ್ದೇ. ಆದರೆ ಮೇಡಂ, ನನ್ನ ಟೂಲ್‌ನಲ್ಲಿ ಬೈನರಿ ಬಿಟ್ಟು ಬೇರೆ ಎಳೆಯಲು ಬರುವುದಿಲ್ಲ.

ಶಿಕ್ಷಕಿ: ತುಂಬಾ ಟೂಲ್‌ಗಳು ಹಾಗೇ. ಆಗ ಡೈಮಂಡನ್ನೇ ಒಂದು ಬಾಕ್ಸ್ ಮಾಡು. ‘ಬರಹ’ ಎಂದು ಒಂದು ಎಂಟಿಟಿ ಇಡು. ಅದರಿಂದ ವೈದ್ಯರಿಗೆ ಒಂದು ಗೆರೆ, ರೋಗಿಗೆ ಒಂದು, ಔಷಧಿಗೆ ಒಂದು.

ವಿದ್ಯಾರ್ಥಿ: ಅದೂ ಮೂರು ಬೈನರಿಯೇ ಅಲ್ವಾ?

ಶಿಕ್ಷಕಿ: ಮೂರೇ. ಆದರೆ ಹೊರಡುವ ಜಾಗ ನೋಡು. ನಿನ್ನ ಗೆರೆಗಳು ಮೂವರ ನಡುವೆ ಓಡಾಡುತ್ತಿದ್ದವು. ಇವು ನಾಲ್ಕನೆಯದೊಂದರಿಂದ ಹೊರಟಿವೆ. ಯಾವ ವೈದ್ಯರು ಯಾವ ರೋಗಿಯ ಜೊತೆ ಸೇರುತ್ತಾರೆ ಎನ್ನುವುದನ್ನು ಆ ಬಾಕ್ಸ್‌ನ ಒಂದು ಸಾಲೇ ಹಿಡಿದಿಟ್ಟಿದೆ. ಎರಡು ಎಚ್ಚರಿಕೆ ಬೇಕು. ಮೂರೂ ಕಾಲಂ ಖಾಲಿ ಬಿಡುವಂತಿಲ್ಲ. ಮತ್ತೆ, ಐಡಿ ಕೊಟ್ಟ ತಕ್ಷಣ ಅದೇ ಮೂವರು ಎರಡು ಸಲ ಬರಲು ಬಾಗಿಲು ತೆರೆಯುತ್ತದೆ. ಟರ್ನರಿಯಲ್ಲಿ ಅದು ಆಗುತ್ತಿರಲಿಲ್ಲ. ತಡೆಯಬೇಕಾದರೆ ಮೂರಕ್ಕೂ ಸೇರಿ `UNIQUE` ಹಾಕಬೇಕು.

ವಿದ್ಯಾರ್ಥಿ: ತಡೆಯಬೇಕಾ? ಅದೇ ವೈದ್ಯರು ಅದೇ ರೋಗಿಗೆ ಮುಂದಿನ ತಿಂಗಳು ಅದೇ ಔಷಧಿ ಮತ್ತೆ ಬರೆಯುತ್ತಾರಲ್ಲ.

ಶಿಕ್ಷಕಿ: ಬರೆಯುತ್ತಾರೆ. ಹಾಗಾದರೆ ನಮ್ಮ ಟರ್ನರಿಗೇ ಒಂದು ಕೊರತೆ ಇತ್ತು, ನೀನೇ ಹಿಡಿದೆ. ದಿನಾಂಕ ಬೇಕು. ಕ್ಲಿನಿಕ್‌ನಲ್ಲಿ ವೈದ್ಯರು ಕೈಗೆ ಕೊಡುವುದೇನು?

ವಿದ್ಯಾರ್ಥಿ: ಚೀಟಿ. ಮೇಲೆ ವೈದ್ಯರ ಹೆಸರು, ರೋಗಿಯ ಹೆಸರು, ದಿನಾಂಕ. ಕೆಳಗೆ ಔಷಧಿಗಳು, ಒಂದೊಂದರ ಪಕ್ಕ ಡೋಸ್. ಅಂದರೆ ಔಷಧಿ ನೇರ ಚೀಟಿಗೆ ಅಲ್ಲ, ಚೀಟಿಯ ಸಾಲಿಗೆ. ಎರಡು ಬಾಕ್ಸ್ ಬೇಕು!

ಶಿಕ್ಷಕಿ: ಆಗ ವೈದ್ಯ-ರೋಗಿ ಒಂದು ಕಡೆ, ಔಷಧಿ ಇನ್ನೊಂದು ಕಡೆ ಒಡೆದುಹೋಗುತ್ತದಲ್ಲ. ಸುಳ್ಳು ಸಾಲು ಮತ್ತೆ ಹುಟ್ಟುವುದಿಲ್ಲವಾ?

ವಿದ್ಯಾರ್ಥಿ: ಇಲ್ಲ ಮೇಡಂ. ಪ್ರತಿ ಔಷಧಿ ಸಾಲಿನಲ್ಲೂ ಚೀಟಿಯ ನಂಬರ್ ಇರುತ್ತದೆ. ಒಂದು ನಂಬರಿಗೆ ಒಬ್ಬರೇ ವೈದ್ಯರು, ಒಬ್ಬರೇ ರೋಗಿ. ಜಾಯಿನ್ ಮಾಡಿದರೆ D1 ಅವರ ಚೀಟಿಯ ಔಷಧಿ D2 ಅವರ ಚೀಟಿಗೆ ಹಾರುವುದಿಲ್ಲ.

ಶಿಕ್ಷಕಿ: ಸರಿ. ಆ ಮೂರು ಡೈಮಂಡ್ ಅಳಿಸಿ ಇದನ್ನು ಎಳೆ. ಅಲರ್ಜಿ ಗೆರೆ ಮರೀಬೇಡ.